ಮದುವೆಯ ಚಮ್ಕಿ ಬಟ್ಟೆ: ಮನೆಯಲ್ಲೇ ಒಗೆಯೋದಾ, ಡ್ರೈ ಕ್ಲೀನಿಂಗ್‌ಗೆ ಕೊಡೋದಾ?

ನನ್ನದು ಹೊಲಿಗೆ ಕೆಲಸ. ಹೊಸ ಬಟ್ಟೆಗಿಂತ ರಿಪೇರಿಗೆ ಬರುವುದೇ ಜಾಸ್ತಿ. ಮದುವೆಗಳೆಲ್ಲ ಮುಗಿದ ಮೇಲೆ ಬರುವ ಬಟ್ಟೆಗಳನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಒಂದು ಬಟ್ಟೆಯನ್ನು ಮನೆಯಲ್ಲಿ ನೀರಿಗೆ ಹಾಕಿ ಬಣ್ಣ ಬಿಡಿಸಿರುತ್ತಾರೆ. ಇನ್ನೊಂದನ್ನು ಡ್ರೈ ಕ್ಲೀನಿಂಗ್‌ಗೆ ಕೊಟ್ಟು, ಹೊಳೆಯುತ್ತಿದ್ದ ಚಮ್ಕಿಗಳೆಲ್ಲ ಬೋಳು ಪ್ಲಾಸ್ಟಿಕ್ ಬಿಲ್ಲೆಗಳಾಗಿ ವಾಪಸ್ ಬಂದಿರುತ್ತವೆ. ಇಬ್ಬರೂ ಬಟ್ಟೆಯ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದವರು. ಇಬ್ಬರೂ ಕೇಳುವ ಪ್ರಶ್ನೆಯೂ ಒಂದೇ: "ಇದನ್ನ ಯಾವ ಥರ ಕ್ಲೀನ್ ಮಾಡಬೇಕಿತ್ತು?"

"ಭಾರಿ ಬಟ್ಟೆ ಅಂದರೆ ಡ್ರೈ ಕ್ಲೀನಿಂಗ್" ಅನ್ನುವ ಮಾತು ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಅದು ಅರ್ಧ ನಿಜ ಅಷ್ಟೇ. ಒಂದು ಕಸೂತಿ ಬಟ್ಟೆಯಲ್ಲಿ ಏಳೆಂಟು ಬಗೆಯ ವಸ್ತುಗಳು ಇರುತ್ತವೆ. ಮೇಲಿನ ಬಟ್ಟೆ, ಲೈನಿಂಗ್, ದಾರ, ಜರಿ, ಚಮ್ಕಿ, ಮಣಿ, ಅಂಟು, ಒಳಗಿನ ಕ್ಯಾನ್ವಾಸ್. ಇವುಗಳಲ್ಲಿ ಕೆಲವಕ್ಕೆ ನೀರು ಆಗಿಬರುವುದಿಲ್ಲ. ಕೆಲವಕ್ಕೆ ಡ್ರೈ ಕ್ಲೀನಿಂಗ್ ದ್ರಾವಣ ಆಗಿಬರುವುದಿಲ್ಲ. ಆದ್ದರಿಂದ ನೋಡಬೇಕಾದದ್ದು ಬಟ್ಟೆ ಎಷ್ಟು ಭಾರಿ ಅಂತಲ್ಲ. ಅದರಲ್ಲಿ ಎಲ್ಲಕ್ಕಿಂತ ನಾಜೂಕಾದ ವಸ್ತು ಯಾವುದು, ಕಲೆ ಯಾವ ಜಾತಿಯದು. ಈ ಎರಡು ಗೊತ್ತಾದರೆ ಮುಂದಿನ ದಾರಿ ತಾನಾಗಿ ಕಾಣುತ್ತದೆ.

ಡ್ರೈ ಕ್ಲೀನಿಂಗ್ ಒಣಗಿದ್ದಲ್ಲ

ಹೆಸರಲ್ಲಿ ಡ್ರೈ ಅಂತ ಇದ್ದರೂ ಬಟ್ಟೆ ಪೂರ್ತಿ ಒದ್ದೆಯಾಗುತ್ತದೆ. ನೀರಿನ ಬದಲು ಬೇರೆ ದ್ರಾವಣ ಇರುತ್ತದೆ, ಅಷ್ಟೇ ವ್ಯತ್ಯಾಸ. ದೊಡ್ಡ ಡ್ರಮ್ ಒಳಗೆ ಬಟ್ಟೆ ಹಾಕಿ, ಆ ದ್ರಾವಣದಲ್ಲಿ ತಿರುಗಿಸಿ, ಹಿಂಡಿ, ಬಿಸಿ ಗಾಳಿಯಲ್ಲಿ ಒಣಗಿಸುತ್ತಾರೆ. ಕೊನೆಗೆ ಹಬೆಯ ಇಸ್ತ್ರಿ.

ಬಹಳ ವರ್ಷಗಳಿಂದ ಹೆಚ್ಚಾಗಿ ಬಳಕೆಯಲ್ಲಿರುವ ದ್ರಾವಣದ ಹೆಸರು ಪರ್‌ಕ್ಲೋರೋಎಥಿಲೀನ್. ಕೆಲಸದವರು ಚಿಕ್ಕದಾಗಿ 'ಪರ್ಕ್' ಅನ್ನುತ್ತಾರೆ. ಎಣ್ಣೆ, ಜಿಡ್ಡು, ಮೇಕಪ್ ತೆಗೆಯುವುದರಲ್ಲಿ ಅದು ಬಹಳ ಜೋರು. ಆದರೆ ಆ ಜೋರೇ ಚಮ್ಕಿಗೆ ಶತ್ರು. ಕೆಲವು ಪ್ಲಾಸ್ಟಿಕ್ಕು, ಅಂಟು, ಬಣ್ಣದ ಲೇಪಗಳನ್ನು ಅದು ಮೆತ್ತಗೆ ಮಾಡುತ್ತದೆ ಅಥವಾ ಕರಗಿಸಿಬಿಡುತ್ತದೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಪರ್ಕ್ ನೀರಿಗಿಂತ ತೂಕ. ಒಂದು ಲೀಟರ್ ನೀರು ಒಂದು ಕಿಲೋ ಇದ್ದರೆ, ಒಂದು ಲೀಟರ್ ಪರ್ಕ್ ಸುಮಾರು 1.6 ಕಿಲೋ. ಡ್ರಮ್ ತಿರುಗುವಾಗ ಅಷ್ಟು ಭಾರದ ದ್ರವ ಬಟ್ಟೆಗೆ ಬಡಿಯುತ್ತದೆ. ಮಣಿ ಮಣಿಗೆ ಉಜ್ಜುತ್ತದೆ, ದಾರ ಸವೆಯುತ್ತದೆ.

ಎರಡನೇ ಬಗೆ ಹೈಡ್ರೋಕಾರ್ಬನ್, ಅಂದರೆ ಪೆಟ್ರೋಲಿಯಂನಿಂದ ಬರುವ ದ್ರಾವಣ. ನಮ್ಮ ಆಡುಮಾತಿನ 'ಪೆಟ್ರೋಲ್ ವಾಶ್' ಈ ಕಡೆಯದೇ. ಇದು ನೀರಿಗಿಂತ ಹಗುರ, ಜಿಡ್ಡು ತೆಗೆಯುವ ಶಕ್ತಿಯೂ ಕಡಿಮೆ. ಆದ್ದರಿಂದಲೇ ಚಮ್ಕಿ, ಮಣಿ ಇರುವ ಬಟ್ಟೆಗೆ ಇದು ಪರ್ಕ್‌ಗಿಂತ ಮೃದು. ಇಷ್ಟು ಕೇಳಿ ಯಾರೂ ಮನೆಯಲ್ಲಿ ಪೆಟ್ರೋಲ್ ತಂದು ಬಟ್ಟೆ ಅದ್ದಬೇಡಿ. ಅದರ ಆವಿಗೆ ಒಂದು ಕಿಡಿ ಸಾಕು. ಪಾಲಿಯೆಸ್ಟರ್ ಬಟ್ಟೆ ಉಜ್ಜಿದಾಗ ಹುಟ್ಟುವ ಚಿಟಿಚಿಟಿ ವಿದ್ಯುತ್ ಕೂಡ ಬೆಂಕಿ ಹತ್ತಿಸಬಲ್ಲದು. ಅಂಗಡಿಯವರು ಮುಚ್ಚಿದ ಯಂತ್ರದಲ್ಲಿ ಮಾಡುವ ಕೆಲಸ ಅದು.

ಮೂರನೆಯದೂ ಒಂದಿದೆ. ವೆಟ್ ಕ್ಲೀನಿಂಗ್ ಅಂತಾರೆ. ನೀರಿನಲ್ಲೇ ಒಗೆಯುವುದು, ಆದರೆ ತಿಳಿದವರು, ಹದವಾದ ಸೋಪು ಹಾಕಿ, ಯಂತ್ರದ ಓಟವನ್ನು ಬಹಳ ನಿಧಾನಕ್ಕೆ ಇಟ್ಟುಕೊಂಡು ಮಾಡುವುದು. ಬೆವರು ಜಾಸ್ತಿ ಹಿಡಿದ ಬಟ್ಟೆಗೆ ಕೆಲವೊಮ್ಮೆ ಇದೇ ಸರಿ.

ಮೊದಲು ಬಟ್ಟೆಯ ಒಳಮೈ ನೋಡಿ

ಬಟ್ಟೆಯನ್ನು ಬೆಳಕಿರುವ ಕಡೆ, ದೊಡ್ಡ ಬಿಳಿ ದುಪ್ಪಟಿಯ ಮೇಲೆ ಹರಡಿ. ಒಳಗಡೆ ತಿರುಗಿಸಿ. ಹೊರಮೈ ಬರೀ ಅಂದ ತೋರಿಸುತ್ತದೆ, ಒಳಮೈ ನಿಜ ಹೇಳುತ್ತದೆ.

ಒಂದು ಸ್ಟೋನ್ ಅಥವಾ ಚಮ್ಕಿಯ ಹಿಂಭಾಗದಲ್ಲಿ ದಾರ ಕಾಣಿಸುತ್ತದಾ? ಕಂಡರೆ ಹೊಲಿದದ್ದು. ದಾರವೇ ಇಲ್ಲ, ಬಟ್ಟೆ ಅಲ್ಲಿ ಸ್ವಲ್ಪ ಗಟ್ಟಿಯಾಗಿದೆ ಅಥವಾ ಒದ್ದೆಯಾದ ಹಾಗೆ ಕಪ್ಪಗಿದೆ ಅಂದರೆ ಅಂಟಿಸಿದ್ದು. ಅಂಟಿಸಿದ ಸ್ಟೋನ್‌ಗೆ ಪರ್ಕ್ ಆಗುವುದಿಲ್ಲ. ಬಿಸಿಯೂ ಆಗುವುದಿಲ್ಲ. ಬಹಳ ಹೊತ್ತು ನೀರಲ್ಲಿ ನೆನೆದರೂ ಕೆಲವು ಅಂಟು ಬಿಟ್ಟುಕೊಳ್ಳುತ್ತವೆ.

ದಾರ ಇದ್ದರೆ ಅದು ಹೇಗೆ ಓಡಿದೆ ಅಂತ ನೋಡಿ. ಒಂದರ ಬಾಲ ಇನ್ನೊಂದು ಹಿಡಿದಂತೆ ಸಣ್ಣ ಸಣ್ಣ ಕುಣಿಕೆಗಳ ಸಾಲು ಕಂಡರೆ ಅದು ಸರಪಳಿ ಹೊಲಿಗೆ. ಆರಿ ಸೂಜಿಯಲ್ಲೂ, ಕೆಲವು ಮೆಷಿನ್‌ಗಳಲ್ಲೂ ಹೀಗೇ ಹಾಕುತ್ತಾರೆ. ನೋಡಲು ಚೆಂದ, ಕೆಲಸ ಬೇಗ. ಆದರೆ ಒಂದು ಕಡೆ ದಾರ ಕಡಿದು ತುದಿ ಎಳೆಯಿತು ಅಂದರೆ ಸರ್ರನೆ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ. ಗೋಣಿಚೀಲದ ಬಾಯಿ ಬಿಚ್ಚುತ್ತೀವಲ್ಲ, ಹಾಗೆ. ನಾಲ್ಕಾರು ಚಮ್ಕಿಗೊಮ್ಮೆ ಗಂಟು ಹಾಕಿದ ಕೈ ಹೊಲಿಗೆಯಲ್ಲಿ ಒಂದು ಕಡೆ ಕಡಿದರೆ ನಾಲ್ಕಾರು ಚಮ್ಕಿ ಮಾತ್ರ ಹೋಗುತ್ತವೆ. ಸರಪಳಿ ಹೊಲಿಗೆಯ ಬಟ್ಟೆಯಲ್ಲಿ ಸಡಿಲವಾದ ತುದಿಗಳನ್ನೆಲ್ಲ ಹುಡುಕಿ, ಸೂಜಿಯಿಂದ ಹಿಂದಕ್ಕೆ ತಂದು ಗಂಟು ಹಾಕಿದ ಮೇಲೆಯೇ ಮುಂದಿನ ಮಾತು. ಅದು ನೀರಾಗಲಿ, ಅಂಗಡಿಯಾಗಲಿ.

ಇನ್ನು ಚಮ್ಕಿ. ಈಗಿನ ಚಮ್ಕಿಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ಹಾಳೆಯಿಂದಲೋ ಪಿವಿಸಿಯಿಂದಲೋ ಕತ್ತರಿಸಿದವು. ಪಾಲಿಯೆಸ್ಟರ್‌ನದ್ದು ಸ್ವಲ್ಪ ಗಟ್ಟಿಮುಟ್ಟು. ಪಿವಿಸಿ ಚಮ್ಕಿಯನ್ನು ಮೆತ್ತಗಿಡಲು ಅದರೊಳಗೆ ಒಂದು ಎಣ್ಣೆಯಂಥ ವಸ್ತು ಸೇರಿಸಿರುತ್ತಾರೆ. ಪರ್ಕ್ ಅದನ್ನು ಹೊರಗೆಳೆದುಬಿಡುತ್ತದೆ. ಆಮೇಲೆ ಚಮ್ಕಿ ಗಟ್ಟಿಯಾಗಿ, ಸುರುಟಿ, ಚಿಟಕ್ಕನೆ ಒಡೆಯುತ್ತದೆ. ಹೊಳಪಿನ ಕಥೆ ಬೇರೆಯೇ. ಚಮ್ಕಿಯ ಬಣ್ಣ ಎಷ್ಟೋ ಸಲ ಪ್ಲಾಸ್ಟಿಕ್ಕಿನ ಒಳಗಿರುವುದಿಲ್ಲ, ಮೇಲೆ ಹಚ್ಚಿದ ತೆಳು ಲೇಪದಲ್ಲಿ ಇರುತ್ತದೆ. ಲೇಪ ಹೋದರೆ ಬಂಗಾರದ ಚಮ್ಕಿ ಬೆಳ್ಳಿಯಾಗುತ್ತದೆ, ಬೆಳ್ಳಿಯದು ಗಾಜಿನ ಹಾಗೆ ಪಾರದರ್ಶಕವಾಗುತ್ತದೆ.

ಮುತ್ತುಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಹೊಲಿದ ಬಿಳಿ ಮುತ್ತುಗಳು ಹೆಚ್ಚಿನವು ಪ್ಲಾಸ್ಟಿಕ್ ಗೋಲಿಗಳು, ಮೇಲೆ ಮುತ್ತಿನ ಬಣ್ಣ. ಅದರಲ್ಲಿ ಪಾಲಿಸ್ಟೈರೀನ್ ಅನ್ನುವ ಬಗೆಯದ್ದಾದರೆ ಪರ್ಕ್‌ನಲ್ಲಿ ಕರಗಿ, ಬಟ್ಟೆಗೆ ಅಂಟಿಕೊಂಡು ಕೂತುಬಿಡುತ್ತದೆ. ನಾನು ಒಂದು ಸಲ ಅಂಥ ತೋಳನ್ನು ಕೈಯಲ್ಲಿ ಹಿಡಿದಿದ್ದೆ. ಮುತ್ತಿದ್ದ ಕಡೆಯೆಲ್ಲ ಒಣಗಿದ ಅಂಟಿನ ಹನಿಗಳ ಹಾಗೆ ಇತ್ತು. ಮಡಚಿದ್ದ ತೋಳಿನ ಎರಡು ಪದರ ಒಂದಕ್ಕೊಂದು ಹಿಡಿದುಕೊಂಡಿತ್ತು. ಬಿಡಿಸಲು ಹೋದರೆ ಬಟ್ಟೆಯೇ ಹರಿಯುತ್ತಿತ್ತು. ಅದಕ್ಕೆ ರಿಪೇರಿಯೇ ಇಲ್ಲ. ತೋಳು ಕತ್ತರಿಸಿ ಹೊಸದು ಹಾಕಿದೆ.

ಗಾಜಿನ ಮಣಿ ಗಟ್ಟಿ. ಅದಕ್ಕೆ ನೀರೂ ಸರಿ, ದ್ರಾವಣವೂ ಸರಿ. ಆದರೆ ತೂತಿನ ಒಳಗೆ ಬಣ್ಣ ಅಥವಾ ಬೆಳ್ಳಿ ಹಚ್ಚಿದ ಮಣಿಯಾದರೆ ಆ ಬಣ್ಣ ಹೋಗಬಹುದು.

ಜರಿಯಲ್ಲಿ ಎರಡು ಬಗೆ. ಪ್ಲಾಸ್ಟಿಕ್ ಹಾಳೆಯ ಜರಿ ಕಪ್ಪಾಗುವುದಿಲ್ಲ. ಲೋಹದ ಜರಿ, ಅದರಲ್ಲೂ ಸ್ಪ್ರಿಂಗಿನ ಹಾಗೆ ಸುತ್ತಿದ ತಂತಿಯ ಕೆಲಸ, ಹೆಚ್ಚಾಗಿ ತಾಮ್ರದ ಮೇಲೆ ಬಂಗಾರ ಅಥವಾ ಬೆಳ್ಳಿ ಬಣ್ಣ ಕೊಟ್ಟದ್ದು. ಇದಕ್ಕೆ ನೀರು, ಬೆವರು, ಸೆಂಟು ಮೂರೂ ಆಗುವುದಿಲ್ಲ. ಬೆವರಿನ ಉಪ್ಪು ಲೋಹವನ್ನು ಕಪ್ಪು ಮಾಡುತ್ತದೆ. ಕಂಕುಳ ಹತ್ತಿರದ ಜರಿ ಮೊದಲು ಕಪ್ಪಾಗುವುದು ಇದಕ್ಕೇ.

ಲೇಬಲ್ ಇದ್ದರೆ ಅದನ್ನೂ ಓದಿ. ವೃತ್ತ ಅಂದರೆ ಅಂಗಡಿಯವರ ಕೆಲಸ. ವೃತ್ತದೊಳಗೆ 'ಪಿ' ಅಕ್ಷರ ಇದ್ದರೆ ಪರ್ಕ್ ಆಗುತ್ತದೆ, ಹೈಡ್ರೋಕಾರ್ಬನ್ ಕೂಡ ಆಗುತ್ತದೆ. 'ಎಫ್' ಇದ್ದರೆ ಹೈಡ್ರೋಕಾರ್ಬನ್ ಆಗುತ್ತದೆ, ಪರ್ಕ್ ಬೇಡ. 'ಡಬ್ಲ್ಯು' ಇದ್ದರೆ ವೆಟ್ ಕ್ಲೀನಿಂಗ್. ವೃತ್ತದ ಕೆಳಗೆ ಗೆರೆ ಇದ್ದರೆ ಮೆಲ್ಲಗೆ ಮಾಡಿ ಅಂತ ಅರ್ಥ. ಆದರೆ ಲೇಬಲ್ ಎಷ್ಟೋ ಸಲ ಮೂಲ ಬಟ್ಟೆಯ ಮಾತನ್ನಷ್ಟೇ ಹೇಳುತ್ತದೆ. ಮೇಲೆ ಕೂರಿಸಿದ ಚಮ್ಕಿಯ ಜವಾಬ್ದಾರಿ ಅದು ತೆಗೆದುಕೊಳ್ಳುವುದಿಲ್ಲ. ಹೊಲಿಸಿದ ಬಟ್ಟೆಗಂತೂ ಲೇಬಲ್ಲೇ ಇರುವುದಿಲ್ಲ.

ಕಲೆಯ ಜಾತಿ

ಇಲ್ಲಿ ಒಂದು ಸರಳ ಲೆಕ್ಕ ಇದೆ. ಜಿಡ್ಡಿನ ಕಲೆಗೆ ದ್ರಾವಣ ಬೇಕು, ನೀರಿನ ಕಲೆಗೆ ನೀರು ಬೇಕು. ಫೌಂಡೇಶನ್, ಲಿಪ್‌ಸ್ಟಿಕ್, ಎಣ್ಣೆ, ತಲೆಗೆ ಹಚ್ಚಿದ ಕ್ರೀಮು, ಇವೆಲ್ಲ ಜಿಡ್ಡು. ಡ್ರೈ ಕ್ಲೀನಿಂಗ್‌ನಲ್ಲಿ ಸಲೀಸಾಗಿ ಹೋಗುತ್ತವೆ. ಬೆವರು, ಜ್ಯೂಸು, ಸೋಡಾ, ಕೆಸರು, ಇವು ನೀರಿನ ಕಲೆ. ಪರ್ಕ್ ಎಷ್ಟೇ ಜೋರಿದ್ದರೂ ಉಪ್ಪು ಮತ್ತು ಸಕ್ಕರೆಯನ್ನು ಕರಗಿಸುವುದಿಲ್ಲ. ಅದಕ್ಕೇ ಅನುಭವ ಇರುವ ಅಂಗಡಿಯವರು ಬಟ್ಟೆಯನ್ನು ಡ್ರಮ್‌ಗೆ ಹಾಕುವ ಮೊದಲು ಇಂಥ ಕಲೆಗಳನ್ನು ಒಂದೊಂದಾಗಿ, ಕೈಯಿಂದ, ನೀರಿನ ಅಂಶವಿರುವ ಮದ್ದು ಹಾಕಿ ತೆಗೆಯುತ್ತಾರೆ. ಅವರಿಗೆ ಕಲೆ ಎಲ್ಲಿದೆ ಅಂತ ಗೊತ್ತಿದ್ದರೆ ಮಾತ್ರ.

ಸಕ್ಕರೆ ಕಲೆ ಬಹಳ ಮೋಸದ್ದು. ಬಿಳಿ ಸೋಡಾ ಚೆಲ್ಲಿದರೆ ಒಣಗಿದ ಮೇಲೆ ಏನೂ ಕಾಣುವುದಿಲ್ಲ. ಕಾಣುವುದಿಲ್ಲ ಅಂತ ಯಾರೂ ಹೇಳುವುದೂ ಇಲ್ಲ. ಬಟ್ಟೆ ಡ್ರಮ್‌ಗೆ ಹೋಗುತ್ತದೆ, ಸಕ್ಕರೆ ಅಲ್ಲೇ ಉಳಿಯುತ್ತದೆ. ಒಣಗಿಸುವ ಬಿಸಿ, ಇಸ್ತ್ರಿಯ ಬಿಸಿ ತಾಗಿದಾಗ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಬಟ್ಟೆ ವಾಪಸ್ ಬಂದಾಗ ಹೊಸ ಕಲೆ! ಅಂಗಡಿಯವರೇ ಮಾಡಿದರು ಅಂತ ಜಗಳ ಆಗುತ್ತದೆ. ಬಿಸಿ ತಾಗದೇ ಇದ್ದರೂ ಕಪಾಟಿನಲ್ಲಿ ಕೆಲವು ತಿಂಗಳು ಕಳೆದ ಮೇಲೆ ಅದೇ ಕಂದು ಕಲೆ ತಲೆ ಎತ್ತುತ್ತದೆ. ಆದ್ದರಿಂದ ಬಟ್ಟೆ ಕಳಚಿದ ದಿನವೇ ಎಲ್ಲಿ ಏನು ಚೆಲ್ಲಿತು ಅಂತ ನೆನಪಿರುವಾಗ ಒಂದು ಚೀಟಿಯಲ್ಲಿ ಬರೆದಿಡಿ. ಆ ಜಾಗದ ಹತ್ತಿರ ಒಳಮೈಗೆ ಬೇರೆ ಬಣ್ಣದ ದಾರದಲ್ಲಿ ಸಡಿಲವಾಗಿ ಎರಡು ಹೊಲಿಗೆ ಹಾಕಿ. ಅಂಗಡಿಯಲ್ಲಿ ತೋರಿಸಲು ಸುಲಭ.

ಒಂದು ಜೊತೆ ಬಟ್ಟೆಯ ಕಥೆ

ಚಿಕ್ಕಮ್ಮನ ಮಗಳ ಮದುವೆ ಆದ ನಾಲ್ಕನೇ ದಿನ ಅವಳು ದೊಡ್ಡ ಚೀಲ ಹಿಡಿದು ಬಂದಳು. "ಅಕ್ಕಾ, ಇದನ್ನ ಹಾಗೇ ಡ್ರೈ ಕ್ಲೀನಿಂಗ್‌ಗೆ ಕೊಡ್ಲಾ?" ಅಂದಳು. ಚೀಲದಲ್ಲಿ ಮೂರು ಇತ್ತು. ನೆಲ ಗುಡಿಸುವಷ್ಟು ಉದ್ದದ ಲೆಹೆಂಗಾ, ಬ್ಲೌಸು, ಸೊಂಟದ ಪಟ್ಟಿ. ಹರಡಿಕೊಂಡು ಕೂತೆವು.

ಲೆಹೆಂಗಾ ನೆಟ್ ಬಟ್ಟೆಯದು, ಕೆಳಗೆ ಸ್ಯಾಟಿನ್ ಲೈನಿಂಗ್. ಎರಡೂ ಪಾಲಿಯೆಸ್ಟರ್. ಬಟ್ಟೆ ಕೊಂಡಾಗ ಬಂದ ಲೇಬಲ್‌ನಲ್ಲೇ ಬರೆದಿತ್ತು. ಜೊತೆಗೆ ವೃತ್ತದಲ್ಲಿ 'ಪಿ' ಚಿಹ್ನೆಯೂ ಇತ್ತು. ಮೈತುಂಬ ಚಮ್ಕಿ, ಎಲ್ಲವೂ ಹೊಲಿದದ್ದು, ಅಂಟು ಎಲ್ಲೂ ಇಲ್ಲ. ಅಂಚಿನಲ್ಲಿ ನಾಲ್ಕು ಬೆರಳು ಅಗಲ ಮಣ್ಣಿನ ಕಪ್ಪು. ಮಂಡಿಯ ಹತ್ತಿರ ಜ್ಯೂಸ್ ಚೆಲ್ಲಿದ್ದು. ಅಂದರೆ ಎರಡೂ ನೀರಿನ ಕಲೆ.

ಲೇಬಲ್ ಪರ್ಕ್ ಆಗುತ್ತದೆ ಅನ್ನುತ್ತಿದೆ. ಚಮ್ಕಿ ಒಪ್ಪುತ್ತದಾ? ಬಟ್ಟೆಯ ಜೊತೆ ಸಣ್ಣ ಕವರ್‌ನಲ್ಲಿ ಹೆಚ್ಚುವರಿ ಚಮ್ಕಿ ಕೊಟ್ಟಿದ್ದರು. ಅದನ್ನು ಎಸೆಯದೆ ಇಟ್ಟುಕೊಂಡಿದ್ದಳು, ಪುಣ್ಯಾತ್ಗಿತ್ತಿ. ನಾಲ್ಕು ಚಮ್ಕಿಯನ್ನು ನನಗೆ ಪರಿಚಯದ ಡ್ರೈ ಕ್ಲೀನರ್ ಹತ್ತಿರ ಒಯ್ದೆ. ಅವರು ಎರಡನ್ನು ಪರ್ಕ್‌ನಲ್ಲಿ, ಎರಡನ್ನು ಹೈಡ್ರೋಕಾರ್ಬನ್‌ನಲ್ಲಿ ಅರ್ಧ ಗಂಟೆ ಹಾಕಿಟ್ಟರು. ತೆಗೆದು ಬಿಳಿ ಬಟ್ಟೆಯ ಮೇಲೆ ಉಜ್ಜಿದರು. ಪರ್ಕ್‌ನಿಂದ ತೆಗೆದವು ಬಟ್ಟೆಯ ಮೇಲೆ ಬಂಗಾರದ ಗೀರು ಬಿಟ್ಟವು. ಇನ್ನೆರಡು ಹಾಗೇ ಇದ್ದವು. ಲೇಬಲ್ ನಂಬಿ ಕೊಟ್ಟಿದ್ದರೆ ಇಡೀ ಲೆಹೆಂಗಾ ಬೆಳ್ಳಗಾಗುತ್ತಿತ್ತು.

ಈಗ ನೀರಿನ ಪರೀಕ್ಷೆ. ಹತ್ತಿ ಕಡ್ಡಿಯನ್ನು ತಣ್ಣೀರಲ್ಲಿ ಅದ್ದಿ, ಒಂದು ಹನಿ ಸೋಪು ತಾಗಿಸಿ, ಒಳ ಮಡಿಕೆಯ ಬಟ್ಟೆಯ ಮೇಲೆ ಒತ್ತಿ ಹಿಡಿದೆ. ಮನಸ್ಸಲ್ಲೇ ಅರವತ್ತು ಎಣಿಸಿದೆ. ಬಣ್ಣ ಬರಲಿಲ್ಲ. ಹಾಗೇ ಲೈನಿಂಗ್, ಕಸೂತಿಯ ಕೆಂಪು ದಾರ, ಅಂಚಿನ ಪಟ್ಟಿ, ಒಂದೊಂದಕ್ಕೂ ಬೇರೆ ಬೇರೆ ಕಡ್ಡಿ. ಇಲ್ಲಿ ಅವಸರ ಮಾಡಬಾರದು. ಮೂಲ ಬಟ್ಟೆ ಬಣ್ಣ ಬಿಡದಿದ್ದರೂ ಕಸೂತಿ ದಾರ ಬಿಡಬಹುದು. ಕೆಂಪು, ಕಡು ನೀಲಿ, ಹಸಿರು ದಾರಗಳನ್ನು ನಾನು ಯಾವತ್ತೂ ನಂಬುವುದಿಲ್ಲ. ಇವಳ ಲೆಹೆಂಗಾದಲ್ಲಿ ನಾಲ್ಕೂ ಕಡ್ಡಿ ಬೆಳ್ಳಗೇ ಬಂದವು.

ಆದ್ದರಿಂದ ಲೆಹೆಂಗಾ ಮನೆಯಲ್ಲೇ ಅಂತ ತೀರ್ಮಾನಿಸಿದೆ. ಅದೂ ಪೂರ್ತಿ ಮುಳುಗಿಸುವುದಲ್ಲ. ಒಣಗಿದ್ದಾಗಲೇ ಎರಡು ಕೈಯಲ್ಲಿ ಎತ್ತಬೇಕಾದ ಬಟ್ಟೆ ಅದು. ಒದ್ದೆಯಾದರೆ ನೆಟ್‌ನ ಸಣ್ಣ ಎಳೆಗಳೇ ಆ ಭಾರವನ್ನೆಲ್ಲ ಹೊರಬೇಕು. ಎತ್ತುವಾಗ ಸೊಂಟದ ಹೊಲಿಗೆ ಹತ್ತಿರ ಹರಿಯುತ್ತದೆ. ಮೇಜಿನ ಮೇಲೆ ಲೆಹೆಂಗಾ ಹರಡಿ, ಅಂಚು ಮಾತ್ರ ಪಕ್ಕದ ಟಬ್ಬಿಗೆ ಇಳಿಯುವ ಹಾಗೆ ಮಾಡಿದೆ. ಟಬ್ಬಿನಲ್ಲಿ ಹತ್ತು ಲೀಟರ್‌ನಷ್ಟು ತಣ್ಣೀರು, ಎರಡು ಟೀ ಚಮಚ ಮೃದುವಾದ ಲಿಕ್ವಿಡ್ ಸೋಪು. ಪೌಡರ್ ಬೇಡ. ಅದರ ಕಣಗಳು ಚಮ್ಕಿಯ ಅಡಿ ಕೂತರೆ ತೊಳೆದು ಮುಗಿಯುವುದಿಲ್ಲ. ಬ್ಲೀಚ್ ಇರುವ ಯಾವುದೂ ಬೇಡ.

ಅಂಚನ್ನು ಒಂದೊಂದು ಅಡಿಯಂತೆ ಇಳಿಸಿ, ಅಂಗೈಯಿಂದ ಮೆಲ್ಲಗೆ ಒತ್ತುವುದು, ಬಿಡುವುದು. ಉಜ್ಜಲೇಬಾರದು. ಮಣ್ಣು ಹೆಚ್ಚಿದ್ದ ಕಡೆ ಮಕ್ಕಳ ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ಒಳಮೈ ಕಡೆಯಿಂದ ತಟ್ಟಿದೆ. ಒಂದೊಂದು ಜಾಗ ನೀರಲ್ಲಿ ಇದ್ದದ್ದು ಮೂರು ನಿಮಿಷ, ಅಷ್ಟೇ. ಮೊದಲ ಟಬ್ಬಿನ ನೀರು ಚಹಾ ಬಣ್ಣಕ್ಕೆ ಬಂತು. ಆಮೇಲೆ ಮೂರು ಸಲ ಬರೀ ನೀರು. ಕೊನೆಯ ನೀರಿನಲ್ಲಿ ನೊರೆ ಇಲ್ಲ ಅಂತ ನೋಡಿಕೊಂಡೆ. ಸೋಪು ಉಳಿದರೆ ಚಮ್ಕಿ ಮಂಕಾಗುತ್ತದೆ, ಮತ್ತೆ ಧೂಳು ಹಿಡಿಯುತ್ತದೆ. ಮಂಡಿಯ ಜ್ಯೂಸ್ ಕಲೆಯ ಅಡಿಗೆ ಒಣ ಟವೆಲ್ ಇಟ್ಟು, ಮೇಲಿನಿಂದ ಒದ್ದೆ ಬಟ್ಟೆಯಲ್ಲಿ ಒತ್ತಿ ಒತ್ತಿ ಸಕ್ಕರೆಯನ್ನು ಟವೆಲ್ಲಿಗೆ ಇಳಿಸಿದೆ. ಟವೆಲ್ಲಿನ ಜಾಗ ಬದಲಿಸುತ್ತ ಏಳೆಂಟು ಸಲ.

ಇಲ್ಲಿ ಒಂದು ಎಚ್ಚರಿಕೆ. ಹೀಗೆ ಒಂದು ಭಾಗವನ್ನಷ್ಟೇ ಒದ್ದೆ ಮಾಡುವುದು ಪಾಲಿಯೆಸ್ಟರ್‌ಗೆ ನಡೆಯುತ್ತದೆ. ರೇಷ್ಮೆಗೆ, ವಿಸ್ಕೋಸ್‌ಗೆ ನಡೆಯುವುದಿಲ್ಲ. ಅವುಗಳ ಮೇಲೆ ನೀರು ಎಲ್ಲಿಗೆ ಬಂದು ನಿಂತಿತೋ ಅಲ್ಲಿ ಒಂದು ಗೆರೆ ಮೂಡುತ್ತದೆ. ಕೆಲವೊಮ್ಮೆ ಆ ಗೆರೆ ಕಲೆಗಿಂತ ಕೆಟ್ಟದಾಗಿ ಕಾಣುತ್ತದೆ.

ಹಿಂಡಲಿಲ್ಲ. ಅಂಚನ್ನು ಒಣ ಟವೆಲ್‌ಗಳ ನಡುವೆ ಇಟ್ಟು ಒತ್ತಿದೆ. ಆಮೇಲೆ ನೆರಳಿನಲ್ಲಿ, ಫ್ಯಾನ್ ಕೆಳಗೆ, ಹಗ್ಗದ ಮಂಚದ ಮೇಲೆ ಹರಡಿದೆ. ಕೆಳಗಿನಿಂದಲೂ ಗಾಳಿ ಆಡಬೇಕು. ಹ್ಯಾಂಗರ್‌ಗೆ ಹಾಕಿದ್ದರೆ ನೀರಿನ ಭಾರಕ್ಕೆ ಬಟ್ಟೆ ಜೋತು ಅಂಚು ಅಂಕುಡೊಂಕಾಗುತ್ತಿತ್ತು. ಇಸ್ತ್ರಿಯನ್ನಂತೂ ಮುಟ್ಟಲೇ ಇಲ್ಲ. ಚಮ್ಕಿಯ ಪ್ಲಾಸ್ಟಿಕ್ ಸುಮಾರು 80 ಡಿಗ್ರಿ ಶಾಖಕ್ಕೇ ಮೆತ್ತಗಾಗಲು ಶುರುವಾಗುತ್ತದೆ. ಹಬೆ ಅದಕ್ಕಿಂತ ಬಿಸಿ. ಹಬೆ ತಾಗಿದ ಚಮ್ಕಿ ಒಣಗಿದ ಎಲೆಯ ಹಾಗೆ ಸುರುಟುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ.

ಬ್ಲೌಸ್ ವಿಷಯ ತದ್ವಿರುದ್ಧ. ಅದು ರೇಷ್ಮೆ. ಕುತ್ತಿಗೆ ಸುತ್ತ ತಾಮ್ರ ತಂತಿಯ ಜರಿ ಕೆಲಸ, ಗಾಜಿನ ಮಣಿ. ಒಳಗೆ ಹತ್ತಿಯ ಲೈನಿಂಗ್, ನಡುವೆ ಕ್ಯಾನ್ವಾಸ್, ಪ್ಯಾಡು. ಇದನ್ನು ನೀರಿಗೆ ಹಾಕಿದರೆ ಮೂರು ಪದರಗಳು ಮೂರು ಅಳತೆಗೆ ಕುಗ್ಗುತ್ತವೆ. ಲೈನಿಂಗ್ ಚಿಕ್ಕದಾಗಿ ಮೇಲಿನ ರೇಷ್ಮೆ ಉಬ್ಬಿ ನಿಲ್ಲುತ್ತದೆ. ಆ ಸುಕ್ಕು ಇಸ್ತ್ರಿಗೂ ಹೋಗುವುದಿಲ್ಲ. ಬೇರೆ ಪರೀಕ್ಷೆ ಬೇಕಾಗಲಿಲ್ಲ, ಹತ್ತಿ ಕಡ್ಡಿಯೇ ಹೇಳಿತು. ಕಂಕುಳ ಹತ್ತಿರ ರೇಷ್ಮೆ ಗುಲಾಬಿ ಬಣ್ಣ ಬಿಟ್ಟಿತು.

ಆದರೆ ಕಲೆ ಎರಡು ಜಾತಿಯದು. ಕುತ್ತಿಗೆಯಲ್ಲಿ ಫೌಂಡೇಶನ್, ಕಂಕುಳಲ್ಲಿ ಬೆವರು. ಫೌಂಡೇಶನ್‌ಗೆ ದ್ರಾವಣ ಸಾಕು. ಬೆವರಿಗೆ ನೀರು ಬೇಕು, ರೇಷ್ಮೆಗೆ ನೀರು ಬೇಡ. ಇಂಥ ಕಡೆ ಮನೆಯಲ್ಲಿ ಕೈ ಹಾಕಬಾರದು. ತಿಳಿದ ಅಂಗಡಿಯವರ ಕೈಗೇ ಕೊಡಬೇಕು. ಹೈಡ್ರೋಕಾರ್ಬನ್‌ನಲ್ಲಿ, ಒಳಮೈ ಹೊರಗೆ ಮಾಡಿ, ಬಲೆ ಚೀಲದೊಳಗೆ ಹಾಕಿ, ಕಡಿಮೆ ಹೊತ್ತಿನ ಓಟಕ್ಕೆ ಬಿಡಿ, ಯಂತ್ರದಲ್ಲಿ ಒಣಗಿಸಬೇಡಿ, ಹಾಸಿ ಒಣಗಿಸಿ ಅಂತ ಹೇಳಿದೆ. ಕಂಕುಳನ್ನು ಮೊದಲು ಕೈಯಿಂದ ನೋಡಿ ಅಂತ ದಾರದ ಗುರುತು ತೋರಿಸಿದೆ.

ಸೊಂಟದ ಪಟ್ಟಿಯ ಸ್ಟೋನ್‌ಗಳೆಲ್ಲ ಅಂಟಿಸಿದ್ದು. ಹಿಂದೆ ಒಂದು ದಾರವೂ ಇರಲಿಲ್ಲ. ಅದಕ್ಕೆ ನೀರೂ ಬೇಡ, ದ್ರಾವಣವೂ ಬೇಡ ಅಂದೆ. ಒಳಬದಿಯನ್ನು ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಇಟ್ಟೆವು. ಅಷ್ಟೇ. ಕ್ಲೀನ್ ಮಾಡದೆ ಬಿಡುವುದೂ ಒಂದು ಸರಿಯಾದ ಉತ್ತರ ಅಂತ ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಕಲೆ ಇಲ್ಲ, ಬೆವರು ಇಲ್ಲ, ಸುಮ್ನೆ ಒಂದು ಗಂಟೆ ಹಾಕಿ ತೆಗೆದದ್ದು ಅಂದರೆ ಒಂದು ದಿನ ನೆರಳಲ್ಲಿ ಗಾಳಿಗೆ ಹಾಸಿ ಎತ್ತಿಡಿ.

ಮೂರನ್ನೂ ಬೇರೆ ಬೇರೆ ಮಾಡಲು ಆದದ್ದು ಅವುಗಳ ಬಣ್ಣ ಬೇರೆ ಬೇರೆ ಇದ್ದದ್ದರಿಂದ. ಒಂದೇ ಥಾನಿನ ಬಟ್ಟೆಯಲ್ಲಿ ಹೊಲಿದ ಜೊತೆಯಾದರೆ ಎಲ್ಲವನ್ನೂ ಒಟ್ಟಿಗೆ, ಒಂದೇ ರೀತಿಯಲ್ಲಿ ಮಾಡಿಸಿ. ಇಲ್ಲದಿದ್ದರೆ ಒಂದು ಕೊಂಚ ತಿಳಿಯಾಗಿ, ಪಕ್ಕ ಪಕ್ಕ ಇಟ್ಟಾಗ ಗೊತ್ತಾಗಿಬಿಡುತ್ತದೆ.

ಅಂಗಡಿಯಲ್ಲಿ ಕೇಳಬೇಕಾದದ್ದು

"ಇದಕ್ಕೆ ಯಾವ ದ್ರಾವಣ ಹಾಕ್ತೀರಿ?" ಇದು ಮೊದಲ ಪ್ರಶ್ನೆ. "ಡ್ರೈ ಕ್ಲೀನಿಂಗ್ ಅಂದ್ರೆ ಡ್ರೈ ಕ್ಲೀನಿಂಗೇ" ಅನ್ನುವ ಉತ್ತರ ಬಂದರೆ ಬಟ್ಟೆ ವಾಪಸ್ ಮಡಚಿಕೊಳ್ಳಿ. ಪರ್ಕ್ ಒಂದೇ ಇದೆ ಅಂದರೂ ಸರಿ, ಮುಚ್ಚುಮರೆ ಇಲ್ಲದೆ ಹೇಳಿದರಲ್ಲ. ಒಂದು ಚಮ್ಕಿ, ಒಂದು ಮಣಿ ಕೊಟ್ಟು ಪರೀಕ್ಷೆ ಮಾಡಿ ಅನ್ನಿ. ಹೆಚ್ಚುವರಿ ಚಮ್ಕಿ ಇಲ್ಲದಿದ್ದರೆ ಒಳ ಮಡಿಕೆಯಿಂದ ಒಂದನ್ನು ಬಿಡಿಸಿ ಕೊಡಬಹುದು.

ಇಲ್ಲೇ ಮಾಡ್ತೀರಾ, ಬೇರೆ ಕಡೆ ಕಳಿಸ್ತೀರಾ ಅಂತಲೂ ಕೇಳಿ. ಕಳಿಸುವುದಾದರೆ ನೀವು ಕೌಂಟರ್‌ನಲ್ಲಿ ಹೇಳಿದ ಮಾತು ಡ್ರಮ್ ಹತ್ತಿರ ನಿಂತವರಿಗೆ ತಲುಪುವುದಿಲ್ಲ. ಆಗ ಚೀಟಿ ಬರೆದು ಬಟ್ಟೆಗೇ ಪಿನ್ ಮಾಡಿಸಿ. ಕೊಡುವ ಮೊದಲು ಎರಡೂ ಮೈಯ ಫೋಟೋ ತೆಗೆದಿಡಿ, ಅಂಗಡಿಯವರ ಎದುರಿಗೇ ತೆಗೆದರೆ ಇನ್ನೂ ಒಳ್ಳೆಯದು.

ವಾಪಸ್ ತೆಗೆದುಕೊಳ್ಳುವಾಗ ಅಲ್ಲೇ ಬಿಚ್ಚಿ ನೋಡಿ. ಚಮ್ಕಿಯ ಮೇಲೆ ಬೆರಳು ಸವರಿ. ಅಂಟಂಟಾಗಿದೆಯಾ, ಅಂಚು ಎದ್ದಿದೆಯಾ, ಒಂದು ಕಡೆ ಬಣ್ಣ ತಿಳಿಯಾಗಿದೆಯಾ? ಮೂಗಿಗೆ ಘಾಟು ಬಡಿದರೆ ದ್ರಾವಣ ಪೂರ್ತಿ ಆರಿಲ್ಲ ಅಂತ ಅರ್ಥ. ಮತ್ತೆ ಒಣಗಿಸಿ ಕೊಡಿ ಅನ್ನಿ. ಪರ್ಕ್‌ನ ಆವಿಯನ್ನು ಉಸಿರಾಡುವುದು ಒಳ್ಳೆಯದಲ್ಲ. ಅದು ಕ್ಯಾನ್ಸರ್ ತರುವ ಸಾಧ್ಯತೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗುರುತಿಸಿದೆ. ಅಮೆರಿಕದ ಪರಿಸರ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಡ್ರೈ ಕ್ಲೀನಿಂಗ್‌ನಿಂದ ಅದನ್ನು ಹತ್ತು ವರ್ಷದೊಳಗೆ ಹಂತ ಹಂತವಾಗಿ ತೆಗೆಯುವ ನಿಯಮ ತಂದಿತು. ಮನೆಗೆ ತಂದ ಮೇಲೆ ಪ್ಲಾಸ್ಟಿಕ್ ಕವರ್ ಕಿತ್ತುಹಾಕಿ, ಮಲಗುವ ಕೋಣೆಯಲ್ಲಿ ಅಲ್ಲ, ಗಾಳಿ ಆಡುವ ಕಡೆ ಒಂದು ದಿನ ಹಾಸಿಡಿ. ಆ ಕವರ್ ಅಂಗಡಿಯಿಂದ ಮನೆಗೆ ಬರುವಷ್ಟು ಹೊತ್ತಿಗೆ ಮಾತ್ರ. ಅದರೊಳಗೆ ಇಟ್ಟರೆ ತೇವ ಸಿಕ್ಕಿಕೊಂಡು ಜರಿ ಕಪ್ಪಾಗುತ್ತದೆ. ಹಳೆಯ ಬಿಳಿ ಹತ್ತಿ ಪಂಚೆಯಲ್ಲಿ ಸುತ್ತಿ, ಮಲಗಿಸಿ ಇಡಿ.

ತಂಗಿಯ ಬ್ಲೌಸ್ ಎಂಟು ದಿನಕ್ಕೆ ಬಂತು. ಕುತ್ತಿಗೆಯ ಫೌಂಡೇಶನ್ ಪೂರ್ತಿ ಹೋಗಿತ್ತು. ಕಂಕುಳಲ್ಲಿ ತೀರಾ ಬೆಳಕಿಗೆ ಹಿಡಿದರೆ ಒಂದು ಮಸುಕು ವೃತ್ತ ಉಳಿದಿತ್ತು. ಇನ್ನೂ ಉಜ್ಜಿದರೆ ರೇಷ್ಮೆಯ ಬಣ್ಣ ಹೋಗುತ್ತದೆ, ಅದಕ್ಕೇ ನಿಲ್ಲಿಸಿದೆ ಅಂತ ಡ್ರೈ ಕ್ಲೀನರ್ ಹೇಳಿದರು. ಅಲ್ಲಿ ನಿಲ್ಲಿಸಿದ್ದು ಒಳ್ಳೆಯದಾಯಿತು ಅಂತ ನನಗೂ ಅನ್ನಿಸಿತು. ಲೆಹೆಂಗಾದ ಅಂಚು ಸ್ವಚ್ಛವಾಗಿತ್ತು. ಟಬ್ಬಿನ ತಳದಲ್ಲಿ ಹನ್ನೊಂದು ಚಮ್ಕಿ ಸಿಕ್ಕಿದ್ದವು. ಒಣಗಿಸಿ ಎತ್ತಿಟ್ಟಿದ್ದೆ. ಅವಳು ಎದುರಿಗೆ ಕೂತು ಸೂಜಿಗೆ ದಾರ ಪೋಣಿಸಿ ಕೊಟ್ಟಳು. ನಾನು ಒಂದೊಂದಕ್ಕೂ ಎರಡೆರಡು ಗಂಟು ಹಾಕಿ ಅದರದರ ಜಾಗಕ್ಕೆ ಕೂರಿಸಿದೆ.